ನಕ್ಷೆಯ ಗೆರೆಯಿಂದ ನೆಲದ ವಿಸ್ತೀರ್ಣಕ್ಕೆ
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಒಂದು ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದೆ ಅಂಗನವಾಡಿ ಕಟ್ಟಡದ ನಕ್ಷೆ ಬಂದಿದೆ ಎಂದು ಭಾವಿಸೋಣ. ಮಕ್ಕಳು ಕೂರುವ ಕೋಣೆ 30 ಚದರ ಮೀಟರ್ ಎಂದು ಟಿಪ್ಪಣಿಯಲ್ಲಿದೆ. ಸದಸ್ಯರೊಬ್ಬರು ತಮ್ಮ ಪ್ರತಿಯ ಮೇಲೆ ಅಳತೆಪಟ್ಟಿ ಇಟ್ಟು ನೋಡುತ್ತಾರೆ. ಅವರ ಲೆಕ್ಕದಲ್ಲಿ ಕೋಣೆ 15 ಚದರ ಮೀಟರ್ ಮಾತ್ರ. ಅರ್ಧ ಕೋಣೆ ಎಲ್ಲಿ ಹೋಯಿತು ಎಂಬ ಪ್ರಶ್ನೆ ಏಳುತ್ತದೆ. ಟಿಪ್ಪಣಿ ಸುಳ್ಳಲ್ಲ, ಸದಸ್ಯರ ಗುಣಾಕಾರವೂ ತಪ್ಪಲ್ಲ. ಹಾಗಿದ್ದರೂ ಉತ್ತರ ಬೇರೆಯಾದದ್ದೇಕೆ ಎಂಬುದನ್ನು ಹಂತ ಹಂತವಾಗಿ ನೋಡುವುದೇ ಈ ಉಪನ್ಯಾಸದ ವಿಷಯ.

ನಕ್ಷೆಯ ಕೆಳಭಾಗದ ಶೀರ್ಷಿಕೆ ಚೌಕದಲ್ಲಿ 1:100 ಎಂದು ಬರೆದಿರುತ್ತದೆ. ಇದೇ ಅಳತೆಯ ಪ್ರಮಾಣ, ರೂಢಿಯ ಮಾತಿನಲ್ಲಿ ಸ್ಕೇಲ್. ಕಾಗದದ ಮೇಲಿನ ಒಂದು ಅಳತೆಗೆ ನೆಲದ ಮೇಲೆ ಅಂಥದೇ ನೂರು ಅಳತೆ ಎಂಬುದು ಇದರ ಅರ್ಥ. ಕಾಗದದ 1 ಸೆಂಟಿಮೀಟರ್ ನೆಲದಲ್ಲಿ 100 ಸೆಂಟಿಮೀಟರ್, ಅಂದರೆ 1 ಮೀಟರ್. ಅದೇ ಪ್ರಮಾಣ 1:50 ಎಂದಿದ್ದರೆ ಕಾಗದದ 1 ಸೆಂಟಿಮೀಟರ್ ನೆಲದಲ್ಲಿ ಅರ್ಧ ಮೀಟರ್ ಆಗುತ್ತದೆ. ಒಂದೇ ಹಾಳೆಯಲ್ಲಿ ಕೋಣೆಗಳ ನಕ್ಷೆಗೆ ಒಂದು ಪ್ರಮಾಣ, ಕಟ್ಟಡ ನಿಲ್ಲುವ ನಿವೇಶನದ ನಕ್ಷೆಗೆ ಮತ್ತೊಂದು ಪ್ರಮಾಣ ಇರುವುದು ಸಾಮಾನ್ಯ. ಆದ್ದರಿಂದ ಅಳೆಯುವ ಮುನ್ನ ಆಯಾ ಚಿತ್ರದ ಕೆಳಗೆ ಬರೆದ ಪ್ರಮಾಣವನ್ನೇ ಓದಬೇಕು.

ಮೂಲ ನಕ್ಷೆಯಲ್ಲಿ ಕೋಣೆಯ ಉದ್ದ 6 ಸೆಂಟಿಮೀಟರ್, ಅಗಲ 5 ಸೆಂಟಿಮೀಟರ್. ಪ್ರಮಾಣ 1:100 ಆದ್ದರಿಂದ ನೆಲದಲ್ಲಿ ಅದು 6 ಮೀಟರ್ ಉದ್ದ, 5 ಮೀಟರ್ ಅಗಲ. ವಿಸ್ತೀರ್ಣ 30 ಚದರ ಮೀಟರ್. ಇಲ್ಲಿ ಮೊದಲು ಪ್ರತಿಯೊಂದು ಉದ್ದವನ್ನೂ ನೆಲದ ಅಳತೆಗೆ ತಂದು, ಅನಂತರ ಗುಣಿಸಿದೆ. ಈ ಕ್ರಮವನ್ನು ತಿರುಗಿಸಿದರೆ ತಪ್ಪು ನುಸುಳುತ್ತದೆ. ಕಾಗದದ ಮೇಲೆಯೇ ಗುಣಿಸಿ 30 ಚದರ ಸೆಂಟಿಮೀಟರ್ ಎಂದು ಪಡೆದು, ಅದನ್ನು ನೂರರಿಂದ ಗುಣಿಸಿದರೆ 3,000 ಚದರ ಸೆಂಟಿಮೀಟರ್ ಬರುತ್ತದೆ. ಅದು ಒಂದು ಮಣೆ ಹಾಕುವಷ್ಟು ಜಾಗ, ಕೋಣೆಯಲ್ಲ. ಉದ್ದವೂ ನೂರು ಪಟ್ಟು, ಅಗಲವೂ ನೂರು ಪಟ್ಟು ಹಿಗ್ಗುವುದರಿಂದ ವಿಸ್ತೀರ್ಣ ಹಿಗ್ಗುವುದು ನೂರು ಪಟ್ಟಲ್ಲ, ಹತ್ತು ಸಾವಿರ ಪಟ್ಟು.

ಚದರ ಅಡಿಗೆ ತರುವಾಗಲೂ ಇದೇ ಎಚ್ಚರ ಬೇಕು. 1 ಮೀಟರ್ ಎಂದರೆ 3.28 ಅಡಿ. ಆದರೆ 1 ಚದರ ಮೀಟರ್ ಎಂದರೆ 10.76 ಚದರ ಅಡಿ. ಹಾಗಾಗಿ ಈ ಕೋಣೆ ಸುಮಾರು 323 ಚದರ ಅಡಿ. ವಿಸ್ತೀರ್ಣವನ್ನು 3.28ರಿಂದ ಗುಣಿಸಿದವರಿಗೆ 98 ಚದರ ಅಡಿ ಎಂದು ತೋರುತ್ತದೆ.

ಇನ್ನು ಸಭೆಯ ಪ್ರಶ್ನೆಗೆ ಬರೋಣ. ಮೂಲ ನಕ್ಷೆಯನ್ನು ಎ3 ಹಾಳೆಗಾಗಿ ಬರೆಯಲಾಗಿತ್ತು. ಕಚೇರಿಯಲ್ಲಿ ಪಿಡಿಎಫ್ ಕಡತವನ್ನು ಎ4 ಹಾಳೆಗೆ ಮುದ್ರಿಸಿ ಹಂಚಲಾಯಿತು. ಮುದ್ರಣದ ಆಯ್ಕೆಯಲ್ಲಿ `Fit` ಇದ್ದುದರಿಂದ ಇಡೀ ಚಿತ್ರ ಸಣ್ಣ ಹಾಳೆಗೆ ಹೊಂದುವಂತೆ ಕುಗ್ಗಿತು. ಎ3ಯಿಂದ ಎ4ಗೆ ಇಳಿಸಿದಾಗ ಪ್ರತಿ ಗೆರೆಯೂ ಮೊದಲಿನ ಸುಮಾರು 0.71ರಷ್ಟಾಗುತ್ತದೆ. 6 ಸೆಂಟಿಮೀಟರ್ ಗೆರೆ 4.24 ಆಯಿತು, 5 ಸೆಂಟಿಮೀಟರ್ ಗೆರೆ 3.54 ಆಯಿತು. ಆದರೆ ಮೂಲೆಯಲ್ಲಿದ್ದ 1:100 ಎಂಬ ಬರಹ ಬದಲಾಗಲಿಲ್ಲ. ಅದನ್ನು ನಂಬಿ ಲೆಕ್ಕ ಹಾಕಿದ ಸದಸ್ಯರಿಗೆ 4.24 ಮತ್ತು 3.54ರ ಗುಣಲಬ್ಧವಾದ 15 ಚದರ ಮೀಟರ್ ದೊರೆಯಿತು. ಗೆರೆ ಮೂರರಲ್ಲೊಂದು ಪಾಲಿಗಿಂತ ಕಡಿಮೆ ಕುಗ್ಗಿದರೂ ವಿಸ್ತೀರ್ಣ ಅರ್ಧಕ್ಕೆ ಇಳಿಯಿತು.

ಇದನ್ನು ಪತ್ತೆಹಚ್ಚುವುದು ಸುಲಭ. ನಕ್ಷೆಯಲ್ಲಿ ಅಂಕಿ ಬರೆದಿರುವ ಯಾವುದಾದರೂ ಒಂದು ಗೋಡೆಯನ್ನು ಆರಿಸಿಕೊಂಡು ಅಳೆಯಬೇಕು. 6.00 ಎಂದು ಬರೆದ ಗೆರೆ ಅಳತೆಪಟ್ಟಿಯಲ್ಲಿ 6 ಸೆಂಟಿಮೀಟರ್ ಬಂದರೆ ಪ್ರತಿ ಸರಿಯಿದೆ. 4.24 ಬಂದರೆ ಪ್ರತಿ ಕುಗ್ಗಿದೆ. ಆಗ ನೆಲದ 600 ಸೆಂಟಿಮೀಟರನ್ನು ಕಾಗದದ 4.24ರಿಂದ ಭಾಗಿಸಿದರೆ ಸುಮಾರು 141 ಸಿಗುತ್ತದೆ. ಆ ಪ್ರತಿಯ ನಿಜವಾದ ಪ್ರಮಾಣ 1:141. ಕೆಲವು ನಕ್ಷೆಗಳಲ್ಲಿ ಮೀಟರ್ ಗುರುತುಗಳುಳ್ಳ ಪಟ್ಟಿಯ ಚಿತ್ರವೊಂದು ಇರುತ್ತದೆ. ಕಾಗದ ಕುಗ್ಗಿದರೆ ಅದೂ ಜೊತೆಗೇ ಕುಗ್ಗುವುದರಿಂದ ಅದು ಎಂದೂ ಮೋಸ ಮಾಡದು. ಎ3 ಹಾಳೆಯಲ್ಲಿ `Actual size` ಆಯ್ಕೆಯಿಂದ ಮುದ್ರಿಸಿದರೆ ಈ ತೊಡಕೇ ಇರುವುದಿಲ್ಲ.

ಪ್ರತಿ ಸರಿಯಿದ್ದರೂ ಅಳತೆಪಟ್ಟಿಗೆ ಒಂದು ಮಿತಿಯಿದೆ. 1:100ರಲ್ಲಿ ಕಾಗದದ ಒಂದು ಮಿಲಿಮೀಟರ್ ತಪ್ಪು ನೆಲದಲ್ಲಿ 10 ಸೆಂಟಿಮೀಟರ್. ಎರಡೂ ಬದಿಯಲ್ಲಿ ಒಂದೊಂದು ಮಿಲಿಮೀಟರ್ ಹೆಚ್ಚು ಓದಿದರೆ 30 ಚದರ ಮೀಟರ್ ಕೋಣೆ 31.11 ಆಗುತ್ತದೆ, ಸುಮಾರು 12 ಚದರ ಅಡಿ ಬರೀ ಕಣ್ಣಿನ ತಪ್ಪಿನಿಂದ ಹುಟ್ಟುತ್ತದೆ. ಆದಕಾರಣ ಅಂಕಿ ಬರೆದಿರುವ ಕಡೆ ಬರೆದ ಅಂಕಿಯೇ ಪ್ರಮಾಣ. ಅಳತೆಪಟ್ಟಿ ಪರಿಶೀಲನೆಗೆ ಮಾತ್ರ. ಬರೆದ ಅಂಕಿಗೂ ಗೆರೆಗೂ ಹೊಂದದಿದ್ದರೆ, ಅಥವಾ ಬೇಕಾದ ಕಡೆ ಅಂಕಿಯೇ ಇಲ್ಲದಿದ್ದರೆ, ಊಹಿಸದೆ ಎಂಜಿನಿಯರರಿಂದ ಲಿಖಿತ ಸ್ಪಷ್ಟನೆ ಪಡೆಯುವುದು ಸರಿಯಾದ ಮಾರ್ಗ.

ಎರಡು ಗೆರೆಗಳ ನಡುವಿನ ಗೋಡೆಯ ದಪ್ಪವನ್ನೂ ಮರೆಯಬಾರದು. ಗೋಡೆ 23 ಸೆಂಟಿಮೀಟರ್ ದಪ್ಪವಿದ್ದರೆ ನಮ್ಮ ಕೋಣೆಯ ಹೊರ ಅಳತೆ 6.46 ಮತ್ತು 5.46 ಮೀಟರ್, ವಿಸ್ತೀರ್ಣ 35.27 ಚದರ ಮೀಟರ್. ಒಳ ಅಳತೆಗಿಂತ ಇದು ಸುಮಾರು 57 ಚದರ ಅಡಿ ಹೆಚ್ಚು. ಮಕ್ಕಳು ಕೂರಲು ಸಿಗುವುದು ಒಳ ವಿಸ್ತೀರ್ಣ. ಕಟ್ಟಡ ನೆಲದ ಮೇಲೆ ಆಕ್ರಮಿಸುವುದು ಹೊರ ವಿಸ್ತೀರ್ಣ. ಚದರ ಅಡಿಗೆ ಇಷ್ಟು ಎಂದು ದರ ಹೇಳಿದಾಗ ಅದು ಯಾವುದರ ಮೇಲಿನ ದರ ಎಂದು ಸದಸ್ಯರು ಕೇಳಿ ತಿಳಿಯಬೇಕು. ಒಂದು ಕಟ್ಟಡದ ಒಳ ಅಳತೆಯನ್ನು ಇನ್ನೊಂದರ ಹೊರ ಅಳತೆಯೊಡನೆ ಹೋಲಿಸಿದರೆ ಆ ಹೋಲಿಕೆಗೆ ಅರ್ಥವಿಲ್ಲ.

ಕೊನೆಯ ಪರೀಕ್ಷೆ ಕಾಮಗಾರಿ ಸ್ಥಳದಲ್ಲಿ ನಡೆಯಬೇಕು. ಪಾಯದ ಅಗೆತ ಗೋಡೆಗಿಂತ ಅಗಲವಾಗಿರುವುದರಿಂದ ಅಲ್ಲಿ ಕೋಣೆಯನ್ನು ಅಳೆಯಲಾಗದು. ಗೋಡೆ ನಾಲ್ಕಾರು ವರಸೆ ಎದ್ದ ಮೇಲೆ ಟೇಪನ್ನು ಒಳಮೈಯಿಂದ ಒಳಮೈಗೆ ಹಿಡಿದರೆ 6 ಮತ್ತು 5 ಮೀಟರ್ ಬರಬೇಕು. ಬಳಿಕ ಮೂಲೆಯಿಂದ ಎದುರು ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಬೇಕು; ಎರಡೂ 7.81 ಮೀಟರ್ ಇದ್ದರೆ ಕೋಣೆ ಮೂಲೆಮಟ್ಟವಾಗಿದೆ. ಕರ್ಣಗಳು ಒಂದಕ್ಕೊಂದು ಹೊಂದದಿದ್ದರೆ ಬದಿಗಳು ಸರಿಯಿದ್ದರೂ ಕೋಣೆ ಸೊಟ್ಟಗಿದೆ, ವಿಸ್ತೀರ್ಣವೂ 30ಕ್ಕಿಂತ ಕಡಿಮೆಯಿದೆ. ಗಾರೆಯಾದ ಬಳಿಕ ಅಳೆದರೆ ಎರಡೂ ಬದಿಯ ಗಾರೆಯ ದಪ್ಪ ಸೇರಿ ಎರಡು ಮೂರು ಸೆಂಟಿಮೀಟರ್ ಕಡಿಮೆ ಬರುವುದು ಸಹಜ. ಅದನ್ನು ಕೊರತೆಯೆಂದು ಬರೆಯಬಾರದು. ಆದರೆ 30 ಸೆಂಟಿಮೀಟರ್ ಕಡಿಮೆ ಬಂದರೆ ಅದಕ್ಕೆ ಗಾರೆ ಕಾರಣವಲ್ಲ. ಅಂಥ ವ್ಯತ್ಯಾಸವನ್ನು ಅಳತೆ ಪುಸ್ತಕದಲ್ಲಿ ದಾಖಲಾದ ಅಂಕಿಯೊಡನೆ ಹೋಲಿಸಿ, ಬಿಲ್ಲು ಪಾವತಿಗೆ ಮುನ್ನವೇ ಸಭೆಯ ಗಮನಕ್ಕೆ ತರಬೇಕು. ಚಾವಣಿ ಬಿದ್ದ ಮೇಲೆ ಗೋಡೆಯನ್ನು ಸರಿಸಲಾಗದು.