ಚಿಕ್ಕಮ್ಮನ ಟೀವಿ ಲೆಕ್ಕ: 25 ಪ್ಲಸ್ 10 ಯಾಕೆ 35 ಅಲ್ಲ?

ಇವತ್ತಿನ ಎಪಿಸೋಡ್ ಶುರುವಾಗಿದ್ದು ಒಂದು ವಾಟ್ಸಾಪ್ ಫೋಟೋದಿಂದ. 2025ರ ದೀಪಾವಳಿಗೆ ಇನ್ನೊಂದು ವಾರ ಇತ್ತು. ಕೋಣಂದೂರಿನಿಂದ ನಮ್ಮ ಚಿಕ್ಕಮ್ಮ ಒಂದು ಫೋಟೋ ಕಳಿಸಿದ್ರು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದ ಲೆಕ್ಕ ಅದು.

ಟೀವಿ 40,000. ಹಬ್ಬದ ಆಫರ್ 25 ಪರ್ಸೆಂಟ್. ಕಾರ್ಡ್ ಇದ್ರೆ ಇನ್ನೂ 10 ಪರ್ಸೆಂಟ್. ಒಟ್ಟು 35 ಪರ್ಸೆಂಟ್. ಉಳಿಯೋದು 14,000. ಕೊಡಬೇಕಾಗಿದ್ದು 26,000.

ಕೆಳಗಡೆ ಒಂದು ಮೆಸೇಜ್: "ಸರಿಯಾ ನೋಡು ಮಾರಾಯ. ನಾಡಿದ್ದು ಸಂಘದಲ್ಲಿ 26,000 ಸಾಲ ಕೇಳ್ತೀನಿ. ಕಾರ್ಡ್ ನಿಂದು ಬೇಕು."

ನೋಡಿದ ತಕ್ಷಣ ತಪ್ಪು ಗೊತ್ತಾಯ್ತು. ಬಿಕಾಂ ಓದಿದ್ದಕ್ಕೆ ಅಷ್ಟಾದ್ರೂ ಬೇಡ್ವಾ! ಆದ್ರೆ ಸುಮ್ನೆ "ತಪ್ಪು" ಅಂದ್ರೆ ಆಗಲ್ಲ. ಅವರ ಸಂಘದಲ್ಲಿ ಒಂದು ಸಾಲ ತಗೊಂಡ್ರೆ ಅದು ತೀರೋ ತನಕ ಇನ್ನೊಂದು ಸಿಗಲ್ಲ. ಕಮ್ಮಿ ಕೇಳಿದ್ರೆ ಬಿಲ್ ಕೌಂಟರ್ ಮುಂದೆ ದುಡ್ಡು ಸಾಲದೆ ನಿಲ್ಲಬೇಕು. ಹಾಗಾಗಿ ಕೂತು ಪೂರ್ತಿ ಲೆಕ್ಕ ಪರೀಕ್ಷೆ ಮಾಡಿದ್ವಿ. ಕೊನೆಗೆ ಹೊರಬಿದ್ದ ಉತ್ತರ ನನಗೂ ಆಶ್ಚರ್ಯ ತಂತು.

ಮೊದಲು ಆ 35. ಪರ್ಸೆಂಟ್ ಅನ್ನೋದು ಒಂಟಿಯಾಗಿ ನಿಲ್ಲೋ ಸಂಖ್ಯೆ ಅಲ್ಲ. ಯಾವುದರ ಪರ್ಸೆಂಟ್ ಅಂತ ಯಾವಾಗಲೂ ಕೇಳಬೇಕು. ಅಂಗಡಿಯ 25 ಪರ್ಸೆಂಟ್ 40,000ದ ಮೇಲೆ. ಅಂದ್ರೆ 10,000 ಹೋಯ್ತು, 30,000 ಉಳೀತು. ಕಾರ್ಡಿನ 10 ಪರ್ಸೆಂಟ್ ಸಿಗೋದು ಬಿಲ್ ಆದ ಮೊತ್ತಕ್ಕೆ, ಅಂದ್ರೆ ಈ 30,000ಕ್ಕೆ. ಅದು 3,000. ಚಿಕ್ಕಮ್ಮ ಅದನ್ನೂ 40,000ದ ಮೇಲೆ ಹಾಕಿ 4,000 ಅಂದುಕೊಂಡಿದ್ರು. ಒಂದು ಸಾವಿರ ಅಲ್ಲೇ ತಪ್ಪಿತ್ತು.

ಇದನ್ನ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಒಂದೇ ಸಾಲಲ್ಲಿ ಮಾಡಬಹುದು. 25 ಪರ್ಸೆಂಟ್ ಹೋದ್ರೆ 75 ಉಳಿಯುತ್ತೆ, 10 ಹೋದ್ರೆ 90 ಉಳಿಯುತ್ತೆ. ಹೋಗಿದ್ದನ್ನ ಕೂಡಬೇಡಿ, ಉಳಿದಿದ್ದನ್ನ ಗುಣಿಸಿ.

40,000 × 0.75 × 0.90 = 27,000

ಅಂದ್ರೆ ಒಟ್ಟು ರಿಯಾಯಿತಿ 32.5 ಪರ್ಸೆಂಟ್. ಬಾಯಿಲೆಕ್ಕ ಬೇಕಾದ್ರೆ 25ಕ್ಕೆ 10 ಕೂಡಿ, ಆಮೇಲೆ 25ರ 10 ಪರ್ಸೆಂಟ್, ಅಂದ್ರೆ ಎರಡೂವರೆ ಕಳೆಯಿರಿ. ಅದೇ 32.5 ಬರುತ್ತೆ. ಎರಡು ದಾರಿಯಲ್ಲಿ ಒಂದೇ ಉತ್ತರ ಬಂದ್ರೆ ಧೈರ್ಯವಾಗಿ ನಂಬಬಹುದು.

ಚಿಕ್ಕಮ್ಮ ಒಪ್ಪಲಿಲ್ಲ. "25 ಮತ್ತೆ 10 ಸೇರಿದ್ರೆ 35 ಅಲ್ದೆ ಎಂಥ ಆಗುತ್ತೆ?" ಅಂದ್ರು. ನಾನು ಕೇಳ್ದೆ: "ಚಿಕ್ಕಮ್ಮ, ಒಂದು ಅಂಗಡಿಯವನು 60 ಪರ್ಸೆಂಟ್ ಆಫ್, ಅದರ ಮೇಲೆ 50 ಪರ್ಸೆಂಟ್ ಆಫ್ ಅಂತ ಬೋರ್ಡ್ ಹಾಕಿದ್ರೆ? ನಿಮ್ಮ ಲೆಕ್ಕದಲ್ಲಿ 110 ಪರ್ಸೆಂಟ್. ಸೀರೆನೂ ಕೊಟ್ಟು ಮೇಲೆ ದುಡ್ಡೂ ಕೊಟ್ಟು ಕಳಿಸ್ತಾನಾ?" ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಗು. "ಆಯ್ತು, 27,000" ಅಂದ್ರು.

ಆದ್ರೆ 27,000 ಕೂಡ ಸರಿ ಇರಲಿಲ್ಲ. ಇಲ್ಲಿ ನಾನೂ ಎಡವಿದ್ದೆ. ಕಾರ್ಡ್ ಆ್ಯಪ್ ತೆಗೆದು ಆಫರ್ ಕೆಳಗಿನ ಸಣ್ಣ ಅಕ್ಷರ ಓದಿದೆ: 10 ಪರ್ಸೆಂಟ್, ಗರಿಷ್ಠ 2,000 ರೂಪಾಯಿ. 30,000ಕ್ಕೆ 10 ಪರ್ಸೆಂಟ್ ಅಂದ್ರೆ 3,000 ಆಗುತ್ತೆ, ಆದ್ರೆ ಮಿತಿ 2,000. ಅಲ್ಲಿಗೆ ಕೊಡಬೇಕಾಗಿದ್ದು 28,000. ಹಾಗಾದ್ರೆ ಟ್ಯಾಗ್ ಮೇಲೆ ನಿಜವಾಗಿ ಹೋಗಿದ್ದು 12,000, ಅಂದ್ರೆ 30 ಪರ್ಸೆಂಟ್. ಮಿತಿ ಎಲ್ಲಿ ಮುಟ್ಟುತ್ತೆ ಅಂತ ತಿಳಿಯೋದು ಸುಲಭ. 2,000ವನ್ನ 10 ಪರ್ಸೆಂಟ್‌ನಿಂದ ಭಾಗಿಸಿದ್ರೆ 20,000. ಬಿಲ್ 20,000 ದಾಟಿದ ಮೇಲೆ ಅದು ಪರ್ಸೆಂಟ್ ಆಫರ್ ಅಲ್ಲ, ಬರೀ 2,000 ರೂಪಾಯಿ ಕಡಿತ. ಇನ್ನೊಂದು ವಿಷಯ: ಕೆಲವು ಆಫರ್‌ಗಳಲ್ಲಿ ಈ ದುಡ್ಡು ಬಿಲ್‌ನಲ್ಲೇ ಕಡಿಮೆ ಆಗಲ್ಲ, ಕೆಲವು ವಾರ ಬಿಟ್ಟು ಕ್ಯಾಶ್‌ಬ್ಯಾಕ್ ಆಗಿ ಬರುತ್ತೆ. ಹಾಗಿದ್ರೆ ಅವತ್ತು 30,000ವೇ ಕೊಡಬೇಕು. ನಮ್ಮದರಲ್ಲಿ ಬಿಲ್‌ನಲ್ಲೇ ಕಡಿತ ಇತ್ತು.

ಹಾಗಾಗಿ ಸಂಘದಲ್ಲಿ ಕೇಳಬೇಕಾದ ಸಾಲ 26,000 ಅಲ್ಲ, 28,000. ಇಲ್ಲಿಗೆ ಮುಗೀತು ಅಂದುಕೊಂಡೆ. ಆಗ ಚಿಕ್ಕಮ್ಮ ಹೇಳಿದ್ರು: "ಎರಡು ಸಾವಿರ ಜಾಸ್ತಿ ಆದ್ರೂ ಅಡ್ಡಿಲ್ಲ. 12,000 ಉಳಿಯುತ್ತಲ್ಲ. ಚೌತಿಗೆ ಮುಂಚೆ ಕೇಳ್ದಾಗ 32,000 ಅಂದಿದ್ದ."

ನನಗೆ ಅಲ್ಲೇ ಬ್ರೇಕ್ ಬಿತ್ತು. ಆಗಸ್ಟ್‌ನಲ್ಲಿ ಅದೇ ಅಂಗಡಿ, ಅದೇ ಮಾಡೆಲ್, 43 ಇಂಚು, ಚೀಟಿಯಲ್ಲಿ ಬರೆದುಕೊಟ್ಟ ರೇಟು 32,000. ಟ್ಯಾಗ್ ಆಗಲೂ 40,000ವೇ. ಅಂದ್ರೆ ಆ 40,000 ಯಾರೂ ಕೊಡದೇ ಇದ್ದ ರೇಟು. ನಾವು ಹೋಲಿಸಬೇಕಾಗಿದ್ದು ಟ್ಯಾಗ್ ಜೊತೆ ಅಲ್ಲ, ಹಬ್ಬ ಇಲ್ಲದಿದ್ರೆ ನಾವು ಕೊಡ್ತಿದ್ದ ರೇಟಿನ ಜೊತೆ.

32,000ದಿಂದ 28,000ಕ್ಕೆ ಇಳಿದಿದೆ. ಇಳಿದಿದ್ದು 4,000. ಇದನ್ನ ಹಳೇ ರೇಟಿನಿಂದ ಭಾಗಿಸಬೇಕು: 4,000 ÷ 32,000, ಅಂದ್ರೆ 12.5 ಪರ್ಸೆಂಟ್. ಹೊಸ ರೇಟಿನಿಂದ ಭಾಗಿಸಿದ್ರೆ 14.3 ಬರುತ್ತೆ, ಅದು ತಪ್ಪು. ಅನುಮಾನ ಇದ್ರೆ ಉತ್ತರವನ್ನ ವಾಪಸ್ ಹಾಕಿ ನೋಡಿ. 32,000ದಲ್ಲಿ 12.5 ಪರ್ಸೆಂಟ್ ತೆಗೆದ್ರೆ 28,000 ಬರುತ್ತೆ. 14.3 ತೆಗೆದ್ರೆ 27,400 ಚಿಲ್ಲರೆ ಬರುತ್ತೆ, ಹೊಂದಲ್ಲ. ಚಿಕ್ಕಮ್ಮನ 35, ಹೀಗೆ, ಹನ್ನೆರಡೂವರೆಗೆ ಬಂತು.

ಈಗ ಇನ್ನೊಂದು ಪದರ. ಆಗಸ್ಟ್‌ಗೂ ದೀಪಾವಳಿಗೂ ಮಧ್ಯೆ ಒಂದು ದೊಡ್ಡ ಬದಲಾವಣೆ ಆಗಿತ್ತು. 2025ರ ಸೆಪ್ಟೆಂಬರ್ 22ರಿಂದ, 32 ಇಂಚಿಗಿಂತ ದೊಡ್ಡ ಟೀವಿಗಳ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳೀತು. ಇದರಲ್ಲೂ ಜನ ಮಾಡೋ ತಪ್ಪು ಒಂದಿದೆ. "28ರಿಂದ 18, ಹತ್ತು ಪರ್ಸೆಂಟ್ ರೇಟು ಇಳಿಯುತ್ತೆ" ಅಂತ. ಇಳಿಯಲ್ಲ. ಯಾಕಂದ್ರೆ ಆ ತೆರಿಗೆ ಬೀಳೋದು ತೆರಿಗೆ ಸೇರದ ಮೂಲ ಬೆಲೆ ಮೇಲೆ. ನಾವು ನೋಡೋದು ತೆರಿಗೆ ಸೇರಿದ ಬೆಲೆ.

ನಮ್ಮ ಟೀವಿನೇ ತಗೊಳ್ಳಿ. ಆಗಸ್ಟ್‌ನ 32,000ವನ್ನ 1.28ರಿಂದ ಭಾಗಿಸಿದ್ರೆ ಮೂಲ ಬೆಲೆ 25,000. ಅದರ ಮೇಲೆ 28 ಪರ್ಸೆಂಟ್ ಅಂದ್ರೆ 7,000 ತೆರಿಗೆ ಇತ್ತು. ಈಗ 18 ಪರ್ಸೆಂಟ್, 4,500. ಒಟ್ಟು 29,500. ಅಂದ್ರೆ ಅಂಗಡಿಯವನು ತನ್ನ ಕಡೆಯಿಂದ ಒಂದು ರೂಪಾಯಿ ಬಿಡದೇ ಇದ್ರೂ, ತೆರಿಗೆ ಇಳಿಕೆಯನ್ನ ಪೂರ್ತಿ ನಮಗೆ ಕೊಟ್ಟಿದ್ರೆ ರೇಟು 29,500 ಆಗ್ತಿತ್ತು. ಇಳಿಕೆ 2,500, ಸುಮಾರು 7.8 ಪರ್ಸೆಂಟ್.

ಈಗ ಹಬ್ಬದ 25 ಪರ್ಸೆಂಟ್ ಆಫರ್ ನೆನಪು ಮಾಡ್ಕೊಳ್ಳಿ. ಕಾರ್ಡ್ ಬಿಟ್ಟು ಆ ಆಫರ್‌ನಲ್ಲಿ ರೇಟು ಎಷ್ಟಿತ್ತು? 30,000. ತೆರಿಗೆ ಇಳಿಕೆಯಿಂದಲೇ ಆಗಬೇಕಾಗಿದ್ದ ರೇಟಿಗಿಂತ 500 ಜಾಸ್ತಿ! ಇದರಿಂದ ಅಂಗಡಿಯವನು ಮೋಸ ಮಾಡಿದ ಅಂತ ಹೇಳೋಕೆ ಬರಲ್ಲ. ಆಗಸ್ಟ್‌ನಲ್ಲಿ ಕಂಪನಿಯಿಂದ ಬೇರೆ ಸ್ಕೀಮ್ ಇದ್ದಿರಬಹುದು, ಅವನಿಗೆ ಬೀಳೋ ರೇಟೇ ಬದಲಾಗಿರಬಹುದು. ಆದ್ರೆ ಕೊಳ್ಳೋರ ಕಡೆಯಿಂದ ನೋಡಿದ್ರೆ ಬೋರ್ಡಿನ ಮೇಲಿನ ಆ ದೊಡ್ಡ 25ರಲ್ಲಿ ಹಬ್ಬದ ಉಡುಗೊರೆ ಏನೂ ಇರಲಿಲ್ಲ. ಹಬ್ಬದಿಂದ ನಿಜವಾಗಿ ಸಿಗ್ತಿದ್ದಿದ್ದು ಕಾರ್ಡಿನ 2,000, ಅದರಲ್ಲಿ ಈ 500 ಹೋದ್ರೆ 1,500. ಅಂದ್ರೆ 29,500ರಿಂದ 28,000.

ಈ 1,500 ಯಾಕೆ ಮುಖ್ಯ? ತೆರಿಗೆ ಇಳಿಕೆ ಹಬ್ಬ ಮುಗಿದ ಮಾರನೇ ದಿನ ಹೋಗಿಬಿಡೋದಲ್ಲ. ಕೈತಪ್ಪೋದು ಹಬ್ಬದ ಆಫರ್ ಮಾತ್ರ. ಹಾಗಾಗಿ "ಈಗಲೇ ತಗೋಬೇಕಾ?" ಅನ್ನೋ ಪ್ರಶ್ನೆಗೆ ತೂಕಕ್ಕೆ ಇಡಬೇಕಾಗಿದ್ದು 14,000 ಅಲ್ಲ, 4,000 ಕೂಡ ಅಲ್ಲ, 1,500.

ಇನ್ನೊಂದು ತಟ್ಟೆಯಲ್ಲಿ ಸಾಲ. ಸಂಘದ ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ, ಬಾಕಿ ಇರೋ ಅಸಲಿನ ಮೇಲೆ. 28,000 ಸಾಲವನ್ನ 12 ತಿಂಗಳಲ್ಲಿ ಸಮ ಕಂತಿನಲ್ಲಿ ಅಸಲು ತೀರಿಸ್ತಾರೆ ಅಂದುಕೊಳ್ಳಿ. ಮೊದಲ ತಿಂಗಳು ಬಡ್ಡಿ 280 ರೂಪಾಯಿ, ಆಮೇಲೆ ತಿಂಗಳು ತಿಂಗಳು ಇಳಿಯುತ್ತಾ ಕೊನೇ ತಿಂಗಳು 23 ರೂಪಾಯಿ ಚಿಲ್ಲರೆ. ಎಲ್ಲಾ ಕೂಡಿದ್ರೆ 1,820.

1,500 ಉಳಿಸೋಕೆ 1,820 ಬಡ್ಡಿ. ಇದನ್ನ ಹೇಳೋವಾಗ ನನಗೇ ಒಂಥರಾ ಆಯ್ತು. ದೀಪಾವಳಿ ನಮ್ಮ ಕಡೆ ದೊಡ್ಡ ಹಬ್ಬ. ಮಕ್ಕಳೆಲ್ಲ ಊರಿಗೆ ಬರ್ತಾರೆ, ಹೊಸ ಟೀವಿ ಇರಲಿ ಅಂತ ಅವರ ಆಸೆ. ನಾನು "ಬೇಡ" ಅನ್ನಲಿಲ್ಲ. "320 ರೂಪಾಯಿ ಜಾಸ್ತಿ ಕೊಟ್ಟು ಹಬ್ಬಕ್ಕೆ ಟೀವಿ ತರ್ತೀರ ಅಂದ್ರೆ ಅದೂ ಸರಿನೇ. ಆದ್ರೆ ಉಳಿತಾಯ ಆಗುತ್ತೆ ಅಂತ ತರಬೇಡಿ, ಖುಷಿಗೆ ತನ್ನಿ" ಅಂದೆ. ಕೈಯಲ್ಲಿ ದುಡ್ಡು ಇದ್ದವರಿಗೆ ಬಡ್ಡಿ ಇಲ್ಲ, ಅವರಿಗೆ ಆ 1,500 ಲಾಭವೇ. ಹಬ್ಬ ಆದಮೇಲೆ ರೇಟು 29,500ರ ಹತ್ತಿರವೇ ಇರುತ್ತೆ ಅಂತ ಗ್ಯಾರಂಟಿಯೂ ಇಲ್ಲ, ಅದನ್ನೂ ಅವರಿಗೆ ಹೇಳಿದ್ದೆ.

ಮಾರನೇ ದಿನ ಮತ್ತೊಂದು ಫೋಟೋ ಬಂತು. ಅದೇ ಕ್ಯಾಲೆಂಡರ್ ಹಾಳೆ. 35 ಮೇಲೆ ಗೀಟು, 26,000 ಮೇಲೆ ಗೀಟು. ಕೆಳಗೆ ಅವರದೇ ಅಕ್ಷರದಲ್ಲಿ 1,500 ಮತ್ತೆ 1,820 ಅಕ್ಕಪಕ್ಕ. ಆಮೇಲೆ ವಾಯ್ಸ್ ಮೆಸೇಜ್: "ಅಡಿಕೆ ದುಡ್ಡು ಬರ್ಲಿ, ಆಮೇಲೆ ನೋಡಣ. ಹಳೇ ಟೀವಿಗೆ ತಲೆ ಮೇಲೆ ಎರಡು ಏಟು ಕೊಟ್ರೆ ಚಿತ್ರ ಬರುತ್ತೆ. ನೀನು ಹಬ್ಬಕ್ಕೆ ಬಾ, ಏಟು ಕೊಡೋ ಕೆಲಸ ನಿಂದು."

ಹೋಗಿದ್ದೆ. ಎರಡಲ್ಲ, ಮೂರು ಏಟು ಬೇಕಾಯ್ತು. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.