ಮೊದಲ ಓಲೆ ಯಾರದು?



ಜಗಳವಾಡಿದ ಇಬ್ಬರೂ ಅಭಿಮಾನಧನರಾದರೆ ಇಬ್ಬರೂ ಕಾಯುತ್ತಾರೆ. “ತಪ್ಪು ಅವನದು, ಅವನೇ ಮೊದಲು ಬರಲಿ” ಎಂಬುದು ಉಭಯರ ವಾದ. ಯಾರ ತಪ್ಪು ಹೆಚ್ಚೆಂದು ತೂಗಹೊರಟರೆ ಆ ತೂಕವೇ ಎರಡನೆಯ ಜಗಳವಾಗುವುದು. ಸಂತ ಮತ್ತಾಯರ ಶುಭಸಂದೇಶದ 5ನೆಯ ಅಧ್ಯಾಯದಲ್ಲಿ ಪ್ರಭುವು ಈ ತಕ್ಕಡಿಯನ್ನೇ ಬದಿಗಿರಿಸಿದ್ದಾರೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಹೊರಡಬೇಕಾದವನು ಹೆಚ್ಚು ತಪ್ಪಿತಸ್ಥನೆಂದು ಅಲ್ಲಿ ಹೇಳಿಲ್ಲ. ಸಹೋದರನಿಗೆ ತನ್ನ ಮೇಲೆ ಮನಸ್ತಾಪವಿದೆಯೆಂದು ಯಾರಿಗೆ ನೆನಪಾಯಿತೋ ಅವನೇ ಹೊರಡಬೇಕು.

ಆದರೆ ಏನೆಂದು ಬರೆಯುವುದು? ಸಂತರೂ ಇದರಲ್ಲಿ ಎಡವಿದ್ದಾರೆ. ಆಫ್ರಿಕದ ಹಿಪ್ಪೋ ನಗರದ ಸಂತ ಆಗಸ್ಟೀನರು ಸುಮಾರು 397ರಲ್ಲಿ ಬೆತ್ಲೆಹೇಮಿನಲ್ಲಿದ್ದ ಸಂತ ಜೆರೋಮರ ವ್ಯಾಖ್ಯಾನವೊಂದನ್ನು ಆಕ್ಷೇಪಿಸಿ ಪತ್ರ ಬರೆದರು. ಒಯ್ಯಬೇಕಾದವನು ಒಯ್ಯಲಿಲ್ಲ. ಪತ್ರದ ಪ್ರತಿಗಳು ಇಟಲಿಯಲ್ಲಿ ಹರಡಿದವು. ವಿಳಾಸದಾರರಿಗಿಂತ ಮೊದಲು ಪರರು ಓದಿದರು. ವಯೋವೃದ್ಧ ಜೆರೋಮರು ನೊಂದರು. ಈ ಸುದ್ದಿ ತಿಳಿದ ಆಗಸ್ಟೀನರು, ತಾವು ಅವರ ವಿರುದ್ಧ ಗ್ರಂಥ ಬರೆದು ರೋಮಿಗೆ ಕಳುಹಿಸಿಲ್ಲವೆಂದು ತಿಳಿಸಿದರು. ಅದು ನಿಜ, ಬರೆದದ್ದು ಗ್ರಂಥವಲ್ಲ, ಪತ್ರ! ಇಂಥ ಸಮಜಾಯಿಷಿ ನೊಂದವರ ಕಿವಿಗೆ ಜಾಣತನವಾಗಿ ಕೇಳಿಸುತ್ತದೆ. ಜೆರೋಮರ ಮುನಿಸು ಇಳಿಯಲಿಲ್ಲ.

ಸುಮಾರು 404ರಲ್ಲಿ ಆಗಸ್ಟೀನರು ಬೇರೊಂದು ಬಗೆಯಲ್ಲಿ ಬರೆದರು: ಪತ್ರ ತಮ್ಮದೇ ಎಂದು ಒಪ್ಪಿ, ಜೆರೋಮರನ್ನು ನೋಯಿಸಿದ್ದಕ್ಕೆ ಕ್ಷಮೆ ಬೇಡಿದರು. ಜೆರೋಮರೂ ಅವರ ಹಳೆಯ ಗೆಳೆಯ ರುಫಿನಸನೂ ಬದ್ಧವೈರಿಗಳಾದುದನ್ನು ನೆನೆದು ಮರುಗಿದರು. ವ್ಯಾಖ್ಯಾನದ ಚರ್ಚೆ ಆಮೇಲೂ ನಡೆಯಿತು, ಸ್ನೇಹವೂ ಉಳಿಯಿತು.

ನಮ್ಮ ಮನೆಗಳಿಗೆ ಬರೋಣ. ತೋಟದ ಪಾಲಿನ ವಿಷಯವಾಗಿ ಅಣ್ಣನು ನೆಂಟರ ಮುಂದೆ ತಮ್ಮನನ್ನು ಲೋಭಿ ಎಂದನೆನ್ನೋಣ. “ನನ್ನಿಂದೇನಾದರೂ ತಪ್ಪಾಗಿದ್ದರೆ ಕ್ಷಮಿಸು, ಆದರೆ ನೀನೂ ಕಡಮೆಯವನಲ್ಲ” ಎಂದು ಬರೆದರೆ ಅದು ಮರುದಾಳಿ. ಹೀಗೆ ಬರೆಯಬಹುದು: “ತಮ್ಮಾ, ಭಾನುವಾರ ಎಲ್ಲರ ಮುಂದೆ ನಿನ್ನನ್ನು ಲೋಭಿ ಎಂದೆ. ಹಾಗೆನ್ನಬಾರದಿತ್ತು, ಕ್ಷಮಿಸು. ತೋಟದ ಮಾತನ್ನು ಇನ್ನೊಂದು ದಿನ ಕುಳಿತು ಆಡೋಣ. ನಿನಗೆ ಮನಸ್ಸು ಬಂದಾಗ ತಿಳಿಸು, ನಾನೇ ಬರುತ್ತೇನೆ.” ಇಲ್ಲಿ ಅಣ್ಣನು ತೋಟದ ಹಕ್ಕನ್ನು ಬಿಟ್ಟುಕೊಟ್ಟಿಲ್ಲ, ಆಡಿದ ಮಾತೊಂದನ್ನು ಮಾತ್ರ ಹಿಂತೆಗೆದುಕೊಂಡಿದ್ದಾನೆ. ಅಭಿಮಾನಿಗೆ ಇಷ್ಟು ಸಾಧ್ಯ.

ಈ ಓಲೆಯನ್ನು ಅತ್ತಿಗೆಯ ಕೈಯಲ್ಲಾಗಲಿ ನೆರೆಯವರ ಬಾಯಲ್ಲಾಗಲಿ ಕಳುಹಿಸಬೇಡಿರಿ; ಅದು ತಮ್ಮನೊಬ್ಬನ ಕೈಗೇ ಸೇರಲಿ. ಉತ್ತರ ಬಾರದಿದ್ದರೆ ಮರುದಿನವೇ ಇನ್ನೊಂದನ್ನು ಬರೆದು ಅವಸರಪಡಿಸಲೂಬೇಡಿರಿ. ಅಣ್ಣನಿಗೆ ಲೇಖನಿ ಹಿಡಿಯಲು ಎಷ್ಟು ದಿನ ಬೇಕಾಯಿತೋ, ತಮ್ಮನಿಗೂ ಅಷ್ಟು ದಿನ ಬೇಕಾದೀತು.