ಬೆಳಗಿನ ಹೂಗಳಿಗೆ ಬೇರೆ ಮನೆ

ಡೊಂಬಿವಲಿಯ ನಮ್ಮ ಕಟ್ಟಡದ ಕನ್ನಡಿಗರ ವಾಟ್ಸಾಪ್ ಗುಂಪಿಗೆ ನಾನೇ ಅಡ್ಮಿನ್. ಕಳೆದ ಬೇಸಿಗೆಯಲ್ಲಿ ‘ಇವತ್ತು ನೀರು ಅರ್ಧ ಗಂಟೆ ಮಾತ್ರ’ ಎಂಬ ಸೂಚನೆ ಗುಲಾಬಿ, ಗಣಪತಿ, ಸೂರ್ಯೋದಯಗಳ ಶುಭೋದಯ ಚಿತ್ರಗಳ ಅಡಿಯಲ್ಲಿ ಹೂತುಹೋಯಿತು. ಅರ್ಧ ಕಟ್ಟಡಕ್ಕೆ ಖಾಲಿ ಬಕೆಟ್ಟು. ಭಾರತದ ಫೋನುಗಳು ಯಾಕೆ ತುಂಬಿಹೋಗುತ್ತವೆ ಎಂದು ಗೂಗಲ್‌ನವರು ಹುಡುಕಿದಾಗ ಸಿಕ್ಕಿದ್ದೂ ಇವೇ ಚಿತ್ರಗಳು. 2018ರಲ್ಲಿ ಅದು ದೊಡ್ಡ ಸುದ್ದಿಯಾಗಿತ್ತು.

ಗುಂಪಿನಲ್ಲೇ ‘ಕಳಿಸಬೇಡಿ’ ಎಂದು ಬರೆದರೆ ಯಾರಿಗೆ ಹೇಳಿದ್ದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಹಾಗಾಗಿ ದಿನಾ ಹೂ ಕಳಿಸುವ ದೊಡ್ಡಮ್ಮನ ಮನೆಗೆ, ಮೂರನೇ ಮಹಡಿಗೆ, ನಾನೇ ಹೋದೆ. ‘ದೊಡ್ಡಮ್ಮ, ನೀರಿನ ಸುದ್ದಿ ಕಾಣಿಸ್ತಿಲ್ಲ. ಆ ಗುಂಪಲ್ಲಿ ಇನ್ನು ಅಡ್ಮಿನ್ ಮಾತ್ರ ಬರೆಯೋದು. ಹೂಗಳಿಗೆ ಬೇರೆ ಗುಂಪು ಮಾಡಿದ್ದೀನಿ, ಅದಕ್ಕೆ ನೀವೇ ಅಡ್ಮಿನ್.’ ಚಿತ್ರಗಳು ತಾವಾಗಿ ಇಳಿದು ಫೋನು ತುಂಬದಂತೆ ಅವರ ಸೆಟ್ಟಿಂಗೂ ಬದಲಿಸಿದೆ.

‘ಹೂವು ಹಾಕಿದ್ರೆ ನಾನು ಎದ್ದಿದ್ದೀನಿ ಅಂತ ಕೆಳಗಿನ ಮನೆಯವರಿಗೆ ಗೊತ್ತಾಗುತ್ತಪ್ಪ’ ಎಂದರು. ಇದು ನನಗೆ ಹೊಳೆದೇ ಇರಲಿಲ್ಲ. ಈಗ ಎಂಟು ಗಂಟೆಯಾದರೂ ಯಾರದಾದರೂ ಹೂವು ಬಾರದಿದ್ದರೆ, ದೊಡ್ಡಮ್ಮನೇ ಫೋನು ಮಾಡಿ ವಿಚಾರಿಸುತ್ತಾರೆ.